ಥ್ಯಾಂಕ್ಸ್ ಮೇಲ್‌ನಲ್ಲಿ ಹನ್ನೊಂದು ಮೈಕ್ರಾನ್

ಪುಣೆ ಹತ್ತಿರದ ಚಾಕಣದ ಒಂದು ಕಾರ್ಖಾನೆಯಲ್ಲಿ ಸಪ್ಲೈಯರ್ ಕ್ವಾಲಿಟಿ ಇಂಜಿನಿಯರ್ ಕೆಲಸಕ್ಕೆ ಇಂಟರ್‌ವ್ಯೂ ಮುಗಿಸಿ ಹೊರಗೆ ಬಂದಾಗ ಮಧ್ಯಾಹ್ನ ಒಂದೂವರೆ. ತಳೇಗಾಂವ್ ಚೌಕದಲ್ಲಿ ಎಂದಿನಂತೆ ಗಾಡಿಗಳು ಅಲ್ಲಾಡದೆ ನಿಂತಿದ್ದವು. ನನಗೆ ಅದೇ ಒಳ್ಳೆಯದಾಯಿತು. ಬಸ್ಸಿನಲ್ಲಿ ಕೂತು ಮೊಬೈಲ್ ತೆಗೆದು, ಒಳಗೆ ನಡೆದ ಮಾತನ್ನೆಲ್ಲ ನೆನಪಿದ್ದ ಹಾಗೆ ಬರೆದಿಟ್ಟುಕೊಂಡೆ. ರಾತ್ರಿ ಊಟ ಆಗುವಷ್ಟರಲ್ಲಿ ಇದರಲ್ಲಿ ಅರ್ಧ ಮರೆತುಹೋಗಿರುತ್ತದೆ. ಹಿಂದಿನ ಎರಡು ಇಂಟರ್‌ವ್ಯೂಗಳಲ್ಲಿ ಹಾಗೇ ಆಗಿತ್ತು.

ಬರೆದುಕೊಂಡದ್ದು ಮೂರೇ ವಿಷಯ. ಯಾರು ಏನು ಕೇಳಿದರು. ಅವರು ತಮ್ಮ ಯಾವ ತಲೆನೋವಿನ ಬಗ್ಗೆ ಮಾತಾಡಿದರು. ನಾನು ಎಲ್ಲಿ ತಡವರಿಸಿದೆ.

ತಲೆನೋವಿನ ವಿಷಯ ಹೇಳಿದ್ದು ಕ್ವಾಲಿಟಿ ಹೆಡ್. "ಸಪ್ಲೈಯರ್ ಹತ್ತಿರ ಓಕೆ ಆದ ಮಾಲು ನಮ್ಮಲ್ಲಿಗೆ ಬಂದು ರಿಜೆಕ್ಟ್ ಆಗುತ್ತದೆ. ಅವರ ಗೇಜ್ ಸರಿ ಅಂತ ಅವರು, ನಮ್ಮದು ಸರಿ ಅಂತ ನಾವು. ಪ್ರತಿ ವಾರ ಇಬ್ಬರನ್ನು ಸಾರ್ಟಿಂಗಿಗೆ ಕೂರಿಸಬೇಕು" ಅಂದರು. ಇಂಟರ್‌ವ್ಯೂ ಮುಗಿದ ಮೇಲೆ ಇನ್‌ಕಮಿಂಗ್ ಇನ್ಸ್‌ಪೆಕ್ಷನ್ ಜಾಗಕ್ಕೂ ಕರೆದುಕೊಂಡು ಹೋದರು. ರಿಜೆಕ್ಟ್ ಆದ ಮಾಲು ಹಾಕುವ ಕೆಂಪು ಬಿನ್‌ಗಳು ತುಂಬಿದ್ದವು.

ತಡವರಿಸಿದ್ದು ಗೇಜ್ ಆರ್ ಅಂಡ್ ಆರ್ ಪ್ರಶ್ನೆಯಲ್ಲಿ. ಅಳತೆಯ ಏರುಪೇರಿನಲ್ಲಿ ಗೇಜ್ ಮತ್ತು ಅಳೆಯುವವರ ಪಾಲು ಎಷ್ಟು ಪರ್ಸೆಂಟ್ ಅಂತ ನೋಡುವ ಪರೀಕ್ಷೆ ಅದು. "24 ಪರ್ಸೆಂಟ್ ಬಂದರೆ ಏನು ಮಾಡುತ್ತೀರಿ?" ಅಂತ ಕೇಳಿದರು. "30ರ ಒಳಗಿದೆ ಸರ್, ನಡೆಯುತ್ತದೆ" ಅಂದುಬಿಟ್ಟೆ. ಅದು ಅರ್ಧ ಉತ್ತರ. 10ರ ಕೆಳಗಿದ್ದರೆ ಗೇಜ್ ಒಳ್ಳೆಯದು, 30 ದಾಟಿದರೆ ಬೇಡ. ನಡುವಿನದು ಯಾವ ಅಳತೆಗೆ ಬಳಸುತ್ತೇವೆ ಅನ್ನುವುದರ ಮೇಲೆ ಹೋಗುತ್ತದೆ. ಅವರು ಮೂತಿ ಏನೂ ಮಾಡಲಿಲ್ಲ, ಸುಮ್ನೆ ಹಾಳೆಯ ಮೇಲೆ ಏನೋ ಗೀಚಿದರು. ಆ ಗೀಚಿದ್ದು ಮನೆ ತಲುಪುವವರೆಗೂ ಕಣ್ಣ ಮುಂದಿತ್ತು.

ನಾನಿರುವುದು ಭೋಸರಿಯಲ್ಲಿ, ಕಾಕಾನ ಮನೆಯಲ್ಲಿ. ಕಾಕಾ ವಿಜಯಪುರದಿಂದ ಬಂದು ಇಲ್ಲೇ ಒಂದು ಟೂಲ್‌ರೂಮಿನಲ್ಲಿ ರಿಟೈರ್ ಆಗುವವರೆಗೆ ಕೆಲಸ ಮಾಡಿದವರು. ಸಂಜೆ ಲ್ಯಾಪ್‌ಟಾಪ್ ತೆಗೆದು ಕೂತೆ. ಒಂದು ಗಂಟೆಯಲ್ಲಿ ಮೇಲ್ ರೆಡಿ ಆಯಿತು. ಇಂಗ್ಲಿಷ್‌ನಲ್ಲಿ ಸುಮಾರು 380 ಪದ. ಮೊದಲ ಪ್ಯಾರಾದಲ್ಲಿ ಧನ್ಯವಾದ, ಎರಡನೆಯದರಲ್ಲಿ ಕಂಪನಿಯ ಹೊಗಳಿಕೆ, ಮೂರು ನಾಲ್ಕರಲ್ಲಿ ನನ್ನ ಆರು ವರ್ಷದ ಅನುಭವ, ಕೊನೆಗೆ ಮತ್ತೆ ಧನ್ಯವಾದ, ಜೊತೆಗೆ ರೆಸ್ಯೂಮೆ ಅಟ್ಯಾಚ್. ಕಾಕಾನಿಗೆ ಕನ್ನಡದಲ್ಲಿ ಓದಿ ಹೇಳಿದೆ.

"ಲೇ ತಮ್ಮಾ, ಇದು ಥ್ಯಾಂಕ್ಸ್ ಅಲ್ಲ, ಅರ್ಜಿ ಅದ. ಅರ್ಜಿ ಹೋದ ತಿಂಗಳಾನ ಕೊಟ್ಟೀಯಲ್ಲ?"

ಸಿಟ್ಟು ಬಂತು. ಆದರೂ ಮತ್ತೆ ಓದಿದೆ. 'ನಾನು' ಅನ್ನುವುದು 17 ಸಲ ಬಂದಿತ್ತು. ಅವರ ಕೆಂಪು ಬಿನ್ ಒಂದು ಸಲವೂ ಇರಲಿಲ್ಲ. ಆ ಮೇಲ್‌ನಲ್ಲಿ ಕಂಪನಿಯ ಹೆಸರು ಬದಲಿಸಿದರೆ ಪುಣೆಯ ಯಾವ ಕಾರ್ಖಾನೆಗೂ ಕಳಿಸಬಹುದಿತ್ತು. ಇಂಥ ಮೇಲ್ ಬಂದರೆ ನಾನಾದರೂ ಎರಡನೇ ಸಾಲಿನಲ್ಲೇ ಬಿಡುತ್ತಿದ್ದೆ.

ಹಾಗಾಗಿ ಎಲ್ಲ ಅಳಿಸಿದೆ. ನಾನು ಈ ಕೆಲಸಕ್ಕೆ ಸರಿಯಾದವನು ಅಂತ ಹೇಳುವ ಬದಲು, ಅವರೇ ಬಾಯಿಬಿಟ್ಟು ಹೇಳಿದ ಒಂದು ತಲೆನೋವಿಗೂ ನಾನು ಕೈಯಾರೆ ಮಾಡಿದ ಒಂದು ಕೆಲಸಕ್ಕೂ ಗಂಟು ಹಾಕೋಣ ಅನ್ನಿಸಿತು. ಒಂದೇ ಒಂದು. ಎರಡು ಹಾಕಿದರೆ ಮತ್ತೆ ರೆಸ್ಯೂಮೆಯಾಗುತ್ತದೆ.

ಅದೃಷ್ಟಕ್ಕೆ ಅಂಥ ಕೇಸ್ ಒಂದು ನನ್ನ ಹತ್ತಿರ ಇತ್ತು. ಹಿಂದೆ ಒಬ್ಬ ಸಪ್ಲೈಯರ್ ನಮಗೆ ಅಲ್ಯೂಮಿನಿಯಂ ಹೌಸಿಂಗ್ ಕೊಡುತ್ತಿದ್ದ. ಅದರ ಒಳತೂತು, ಅಂದರೆ ಬೋರ್, 50 ಮಿಲಿಮೀಟರ್, ಎಚ್7 ಫಿಟ್. ಹಾಗಾಗಿ ಅಳತೆ ಹೆಚ್ಚುಕಡಿಮೆ ಆಗಲು ಇರುವ ಒಟ್ಟು ಅವಕಾಶ, ಅಂದರೆ ಟಾಲರೆನ್ಸ್, 25 ಮೈಕ್ರಾನ್. ಅವನಲ್ಲಿ ಓಕೆ, ನಮ್ಮಲ್ಲಿ ಅಂಡರ್‌ಸೈಜ್. ಒಂದು ದಿನ ಅವನ ಶೆಡ್‌ಗೆ ಹೋಗಿ ಸುಮ್ನೆ ನಿಂತು ನೋಡಿದೆ. ಆಪರೇಟರ್ ಮಷಿನ್‌ನಿಂದ ಪೀಸ್ ತೆಗೆದವನೇ ಬೋರ್ ಗೇಜ್ ಹಾಕುತ್ತಿದ್ದ. ಪೀಸ್ ಮುಟ್ಟಿದರೆ ಬೆಚ್ಚಗಿತ್ತು. ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಗೆ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 50 ಮಿಲಿಮೀಟರಿಗೆ, ಹತ್ತು ಡಿಗ್ರಿಗೆ ಲೆಕ್ಕ ಹಾಕಿ: ಹನ್ನೊಂದು ಮೈಕ್ರಾನ್‌ಗೆ ಸ್ವಲ್ಪ ಮೇಲೆ. ಟಾಲರೆನ್ಸ್‌ನಲ್ಲಿ ಹತ್ತಿರ ಹತ್ತಿರ ಅರ್ಧ. ಬೆಚ್ಚಗಿದ್ದಾಗ ದೊಡ್ಡದು ಕಂಡ ಬೋರ್ ನಮ್ಮ ರೂಮಿಗೆ ಬರುವಷ್ಟರಲ್ಲಿ ಕುಗ್ಗಿರುತ್ತಿತ್ತು. ಪೀಸ್ ತಣ್ಣಗಾದ ಮೇಲೆ ಅಳೆಯಿರಿ ಅಂತ ಹೇಳಿ, ಎರಡೂ ಕಡೆ ಒಂದೇ ಸೆಟ್ಟಿಂಗ್ ರಿಂಗಿನಿಂದ ಗೇಜ್ ಹೊಂದಿಸಿದೆವು. ಜಗಳ ನಿಂತಿತು.

ಇದನ್ನು ಮೇಲ್‌ಗೆ ಇಳಿಸುವಾಗ ಒಂದು ಎಚ್ಚರ ಬೇಕು. ಆ ಸಪ್ಲೈಯರ್ ಯಾರು, ಪಾರ್ಟ್ ಯಾವ ಗಾಡಿಗೆ ಹೋಗುತ್ತಿತ್ತು, ಎಷ್ಟು ರಿಜೆಕ್ಷನ್ ಇತ್ತು ಅನ್ನುವುದು ನನ್ನ ಆಗಿನ ಕಂಪನಿಯ ಗುಟ್ಟು. ಅದನ್ನು ಬರೆದರೆ ಓದುವವರಿಗೆ ಮೊದಲು ಹೊಳೆಯುವುದೇ, ನಾಳೆ ನಮ್ಮದನ್ನೂ ಇವನು ಹೀಗೇ ಬರೆಯುತ್ತಾನೆ ಅಂತ. ಹೆಸರು, ಸಂಖ್ಯೆ ತೆಗೆದು ಅಳತೆಯ ವಿಷಯ ಮಾತ್ರ ಉಳಿಸಿಕೊಂಡೆ.

ಕೊನೆಗೆ ಕಳಿಸಿದ ಮೇಲ್ ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

"ನಮಸ್ಕಾರ ಸರ್,

ನಿನ್ನೆ ಸಮಯ ಕೊಟ್ಟಿದ್ದಕ್ಕೆ, ಅದರಲ್ಲೂ ಇನ್‌ಕಮಿಂಗ್ ಇನ್ಸ್‌ಪೆಕ್ಷನ್‌ಗೆ ಕರೆದುಕೊಂಡು ಹೋಗಿ ಸಾರ್ಟಿಂಗ್ ತೋರಿಸಿದ್ದಕ್ಕೆ ಧನ್ಯವಾದ. ಈ ಹುದ್ದೆಯಲ್ಲಿ ದಿನಾ ಮಾಡಬೇಕಾದ ಕೆಲಸ ಏನು ಅನ್ನುವುದು ನನಗೆ ಅಲ್ಲಿ ಗೊತ್ತಾಯಿತು.

ಸಪ್ಲೈಯರ್ ಅಳತೆ, ಪ್ಲಾಂಟ್ ಅಳತೆ ಕೂಡದ ಕೇಸ್ ಒಂದನ್ನು ನಾನು ಬಗೆಹರಿಸಿದ್ದೇನೆ. ಅಲ್ಲಿ ಅಲ್ಯೂಮಿನಿಯಂ ಪೀಸ್‌ಗಳನ್ನು ಬಿಸಿಯಿದ್ದಾಗಲೇ ಅಳೆಯುತ್ತಿದ್ದರು. ತಣ್ಣಗಾದ ಮೇಲೆ, ಎರಡೂ ಕಡೆ ಒಂದೇ ಸೆಟ್ಟಿಂಗ್ ರಿಂಗ್ ಇಟ್ಟು ಅಳೆದಾಗ ವ್ಯತ್ಯಾಸ ಹೋಯಿತು. ನಿಮ್ಮಲ್ಲಿ ಕಾರಣ ಬೇರೆ ಇರಬಹುದು. ನಾನಾದರೆ ಹುಡುಕುವುದನ್ನು ಸಪ್ಲೈಯರ್ ಹೇಗೆ ಅಳೆಯುತ್ತಾನೆ ಎಂಬಲ್ಲಿಂದ ಶುರು ಮಾಡುತ್ತೇನೆ.

ಗೇಜ್ ಆರ್ ಅಂಡ್ ಆರ್ ಪ್ರಶ್ನೆಗೆ ನನ್ನ ಉತ್ತರ ಪೂರ್ತಿ ಆಗಿರಲಿಲ್ಲ. 24 ಪರ್ಸೆಂಟ್ ಬಂದರೆ ಕ್ರಿಟಿಕಲ್ ಅಳತೆಗೆ ಆ ಗೇಜ್ ಒಪ್ಪುವುದಿಲ್ಲ. ಏರುಪೇರು ಗೇಜಿನದೋ ಆಪರೇಟರ್‌ಗಳ ನಡುವಿನದೋ ಅಂತ ಮೊದಲು ಬೇರ್ಪಡಿಸಿ, ಗೇಜಿನದಾದರೆ ಫಿಕ್ಸ್‌ಚರ್ ನೋಡುತ್ತೇನೆ, ಆಪರೇಟರ್‌ಗಳದಾದರೆ ಅಳೆಯುವ ಕ್ರಮ ನೋಡುತ್ತೇನೆ.

ಇನ್ನೇನಾದರೂ ಬೇಕಿದ್ದರೆ ದಯವಿಟ್ಟು ತಿಳಿಸಿ."

ಕೆಳಗೆ ಹೆಸರು, ಮೊಬೈಲ್ ನಂಬರ್. ಅಷ್ಟೇ.

ಬಹಳ ಹೊತ್ತು ತಿಂದದ್ದು 'ನಿಮ್ಮಲ್ಲಿ ಕಾರಣ ಬೇರೆ ಇರಬಹುದು' ಅನ್ನುವ ಸಾಲು. ಮೊದಲು ಅದು ಇರಲಿಲ್ಲ. ಹತ್ತು ನಿಮಿಷ ಬಿನ್ ನೋಡಿದವನು ಅವರ ಆರು ತಿಂಗಳ ಸಮಸ್ಯೆಗೆ ಔಷಧಿ ಬರೆದುಕೊಟ್ಟ ಹಾಗಿತ್ತು. ಆ ಸಾಲು ಬಂದ ಮೇಲೆ ಮೇಲ್‌ನ ಧಾಟಿ ಇಳಿಯಿತು. ಹಾಗಂತ ಜಾಸ್ತಿ ಬಗ್ಗಿದರೂ ಕಷ್ಟ. 'ಒಂದು ಅವಕಾಶ ಕೊಟ್ಟರೆ ಚಿರಋಣಿ' ಅಂತ ಕೊನೆಯಲ್ಲಿ ಬರೆದಿದ್ದೆ, ಅದನ್ನೂ ತೆಗೆದೆ.

ತಪ್ಪಾದ ಉತ್ತರವನ್ನು ಮೇಲ್‌ನಲ್ಲಿ ಎತ್ತಬೇಕೋ ಬೇಡವೋ ಅಂತಲೂ ಬಹಳ ಯೋಚಿಸಿದೆ. ಅವರು ಮರೆತಿದ್ದರೆ ನಾನೇ ನೆನಪಿಸಿದ ಹಾಗೆ ಅಲ್ವಾ? ಆದರೆ ಗೀಚಿದ್ದನ್ನು ಕಣ್ಣಾರೆ ನೋಡಿದ್ದೆ. ಈ ಕೆಲಸದಲ್ಲಿ ಅದು ಬುಡದ ವಿಷಯ ಬೇರೆ. ಹಾಗಾಗಿ ಎತ್ತಿದೆ. ಎತ್ತಿದ್ದು ಅದೊಂದೇ. ಇನ್ನೂ ಎರಡು ಉತ್ತರ ಸುಮಾರಾಗಿದ್ದವು, ಅವುಗಳ ಸುದ್ದಿಗೆ ಹೋಗಲಿಲ್ಲ. ಮೂರು ತಿದ್ದುಪಡಿ ಕಳಿಸಿದರೆ ಅದು ಮರುಪರೀಕ್ಷೆ ಆಗುತ್ತದೆ.

ಇನ್ನು ಯಾರಿಗೆ, ಯಾವಾಗ ಅನ್ನುವ ಮಾತು. ಹಿಂದಿನ ಒಂದು ಇಂಟರ್‌ವ್ಯೂ ಆದಾಗ ಮ್ಯಾನೇಜರ್ ಐಡಿ ನನ್ನ ಹತ್ತಿರ ಇರಲಿಲ್ಲ. ಹೆಸರು, ಚುಕ್ಕಿ, ಅಡ್ಡಹೆಸರು ಸೇರಿಸಿ ನಾನೇ ಊಹಿಸಿ ಕಳಿಸಿದೆ. ಪುಣೆಯಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನವರು ಎಷ್ಟು ಜನ ಅಂತ ಲೆಕ್ಕ ಇದೆಯೇ? ಅದು ಅಕೌಂಟ್ಸ್‌ನ ಇನ್ನೊಬ್ಬರಿಗೆ ಹೋಯಿತು. ಅವರು ಪಾಪ, "ಇದು ನನಗಲ್ಲ" ಅಂತ ಎಚ್‌ಆರ್‌ನವರನ್ನೂ ಸೇರಿಸಿ ಉತ್ತರಿಸಿದರು. ಆಮೇಲಿನಿಂದ ಊಹೆ ಬಿಟ್ಟೆ. ಈ ಸಲ ಕ್ಯಾಲೆಂಡರ್ ಇನ್ವೈಟ್‌ನಲ್ಲಿ ಕ್ವಾಲಿಟಿ ಹೆಡ್ ಐಡಿ ಇತ್ತು, ಅವರಿಗೆ ನೇರವಾಗಿ ಕಳಿಸಿದೆ. ಜೊತೆಗಿದ್ದ ಪ್ರೊಡಕ್ಷನ್ ಮ್ಯಾನೇಜರ್ ಐಡಿ ಇರಲಿಲ್ಲ. ಎಚ್‌ಆರ್ ಮೇಡಂ ಕಳಿಸಿದ್ದ ಇಂಟರ್‌ವ್ಯೂ ಮೇಲ್‌ಗೇ ಉತ್ತರವಾಗಿ ಮೂರು ಸಾಲು ಬರೆದು, ಅವರಿಗೂ ನನ್ನ ಧನ್ಯವಾದ ತಿಳಿಸಿ ಅಂತ ಕೇಳಿಕೊಂಡೆ. ಬೋರ್, ಗೇಜ್ ಕಥೆ ಮೇಡಂಗೆ ಬೇಕಾಗಿಲ್ಲ. ಅವರು ಕೇಳಿದ್ದ ನೋಟಿಸ್ ಪೀರಿಯಡ್ ಉತ್ತರ ಅಲ್ಲೇ ಹಾಕಿದೆ: 60 ದಿನ. ಹೆಡ್‌ಗೆ ಕಳಿಸಿದ ಮೇಲ್‌ನಲ್ಲಿ ನೋಟಿಸ್, ಸಂಬಳದ ಸೊಲ್ಲೇ ಇಲ್ಲ.

ಅದೇ ರಾತ್ರಿ ಹನ್ನೊಂದಕ್ಕೆ ಕಳಿಸಬಹುದಿತ್ತು. ಆದರೆ ಕಾರ್ಖಾನೆಯ ಇನ್‌ಬಾಕ್ಸ್‌ಗೆ ರಾತ್ರಿಯೆಲ್ಲ ಶಿಫ್ಟ್ ರಿಪೋರ್ಟ್‌ಗಳು ಬಂದು ಬೀಳುತ್ತವೆ. ನನ್ನದು ಅವುಗಳ ಅಡಿಗೆ ಹೋಗುತ್ತಿತ್ತು. ಮರುದಿನ ಬೆಳಗಿನ ಮೀಟಿಂಗ್ ಮುಗಿದಿರುತ್ತದೆ ಅನ್ನುವ ಅಂದಾಜಿನಲ್ಲಿ ಹತ್ತೂಕಾಲಿಗೆ ಒತ್ತಿದೆ. ಅದಕ್ಕೂ ಮೊದಲು ಹೆಡ್ ಹೆಸರಿನ ಸ್ಪೆಲಿಂಗ್ ಇನ್ವೈಟ್ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಿದ್ದೆ.

ಎರಡು ದಿನ ಏನೂ ಇಲ್ಲ. ಮತ್ತೆ ಬರೆಯಬೇಕು ಅಂತ ಕೈ ತುರಿಸುತ್ತಿತ್ತು. ಬರೆಯಲಿಲ್ಲ. ಇದಕ್ಕೂ ಮೊದಲಿನ ಇಂಟರ್‌ವ್ಯೂ ಒಂದಕ್ಕೆ ಇಷ್ಟೇ ಶ್ರಮಪಟ್ಟು ಬರೆದ ಮೇಲ್‌ಗೆ ಇವತ್ತಿನವರೆಗೂ ಉತ್ತರ ಬಂದಿಲ್ಲ. ಅಲ್ಲಿ ಅವರಿಗೆ ಬೇಕಿದ್ದದ್ದು ಕಾಸ್ಟಿಂಗ್ ಗೊತ್ತಿದ್ದವರು. ನನಗದು ಗೊತ್ತಿಲ್ಲ. ಮೇಲ್ ಎಷ್ಟು ಚೆನ್ನಾಗಿದ್ದರೂ ಅಲ್ಲಿ ಏನೂ ಆಗುತ್ತಿರಲಿಲ್ಲ.

ಮೂರನೇ ದಿನ ಕ್ವಾಲಿಟಿ ಹೆಡ್‌ರಿಂದ ಒಂದೇ ಸಾಲು ಬಂತು. ಹಲೋ ಇಲ್ಲ, ಥ್ಯಾಂಕ್ಸ್ ಇಲ್ಲ. "ಪೀಸ್ ಎಷ್ಟು ಹೊತ್ತು ತಣ್ಣಗಾಗಲು ಬಿಟ್ಟಿರಿ?"

ಕಾಕಾನಿಗೆ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು. "ಹೊತ್ತು ಹೇಳಬ್ಯಾಡ. ಹೊತ್ತು ಪೀಸಿನ ದಪ್ಪದ ಮ್ಯಾಲೆ ಹೋಗ್ತದ. ಟೆಂಪರೇಚರ್ ಹೇಳು."

ಹಾಗೇ ಬರೆದೆ. ನಾವು ಗಡಿಯಾರ ನೋಡಲಿಲ್ಲ, ಪೀಸು, ಸೆಟ್ಟಿಂಗ್ ರಿಂಗು, ಗೇಜು ಮೂರನ್ನೂ ಒಂದೇ ಟೇಬಲ್ ಮೇಲಿಟ್ಟು ಮೂರೂ ಒಂದೇ ಟೆಂಪರೇಚರ್‌ಗೆ ಬಂದ ಮೇಲೆ ಅಳೆದೆವು ಅಂತ. ಮುಂದಿನ ಸೋಮವಾರ ಎರಡನೇ ರೌಂಡಿಗೆ ಕರೆ ಬಂತು. ಅಲ್ಲಿ ಮೊದಲ ಇಪ್ಪತ್ತು ನಿಮಿಷ ಆ ಟೇಬಲ್ ಬಗ್ಗೆಯೇ ಮಾತು. ಗೇಜ್ ಆರ್ ಅಂಡ್ ಆರ್ ಮತ್ತೆ ಯಾರೂ ಕೇಳಲಿಲ್ಲ.

ಎರಡನೇ ರೌಂಡ್ ಆದ ಮೇಲೂ ಥ್ಯಾಂಕ್ಸ್ ಮೇಲ್ ಕಳಿಸಿದೆ. ಎರಡೇ ಸಾಲು. ತಿದ್ದುವಂಥದ್ದು ಏನೂ ಉಳಿದಿರಲಿಲ್ಲ.