ಚಾಕೊಲೇಟ್ ಕರಗಿಸುವಾಗ ನೀರಿನ ಹನಿಯೂ ತಾಗದಿರಲಿ

ಮಡಿಕೇರಿಯ ಮಳೆಗಾಲದಲ್ಲಿ ತೊಳೆದಿಟ್ಟ ಪಾತ್ರೆ ಮರುದಿನವೂ ಪೂರ್ತಿ ಒಣಗಿರುವುದಿಲ್ಲ. ಆ ಪಸೆಯೇ ಚಾಕೊಲೇಟಿಗೆ ಮುಳುವು. ಕೊಕೊ ಬೆಣ್ಣೆಯಲ್ಲಿ ಸಕ್ಕರೆ ಮತ್ತು ಕೊಕೊದ ನುಣ್ಣನೆಯ ಕಣಗಳು ಹರಡಿಕೊಂಡಿರುವುದೇ ಚಾಕೊಲೇಟ್. ಅರ್ಧ ಚಮಚ ನೀರು ಬಿದ್ದರೆ ಸಕ್ಕರೆಯ ಕಣಗಳು ಒದ್ದೆಯಾಗಿ ಅಂಟಂಟಾಗುತ್ತವೆ, ಉಳಿದ ಕಣಗಳನ್ನೂ ಎಳೆದುಕೊಂಡು ಗಂಟು ಕಟ್ಟುತ್ತವೆ. ಹೊಳೆಯುತ್ತಾ ಹರಿಯುತ್ತಿದ್ದುದು ಕ್ಷಣದಲ್ಲೇ ಮಂಕಾಗಿ, ಒದ್ದೆ ಮಣ್ಣಿನಂತೆ ಚಮಚಕ್ಕೆ ಮೆತ್ತಿಕೊಳ್ಳುತ್ತದೆ.

200 ಗ್ರಾಂ ಡಾರ್ಕ್ ಚಾಕೊಲೇಟ್ ಕರಗಿಸಿ, ಹುರಿದ ಗೋಡಂಬಿಯನ್ನು ಅದರಲ್ಲಿ ಅದ್ದಿ ತೆಗೆಯಬೇಕು ಎಂದುಕೊಳ್ಳಿ. ಚಾಕೊಲೇಟ್ ಫ್ರಿಜ್‌ನಲ್ಲಿದ್ದರೆ ಹೊದಿಕೆ ಬಿಚ್ಚದೆ ಹೊರಗಿಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಅದರ ಮೇಲೆ ಬೆವರು ಕೂರುತ್ತದೆ. ತಣುವು ಬಿಟ್ಟ ಮೇಲೆ ಸಣ್ಣಗೆ ಹೆಚ್ಚಿ. ಬಟ್ಟಲನ್ನು ಒಣ ಬಟ್ಟೆಯಲ್ಲಿ ಒರೆಸಿ, ಕೈಯಿಂದ ಸವರಿ ನೋಡಿ. ಮರದ ಸೌಟು ತೇವ ಹೀರಿಕೊಂಡಿರುತ್ತದೆ, ಅದು ಬೇಡ.

ಪಾತ್ರೆಯಲ್ಲಿ ಎರಡು ಬೆರಳಿನಷ್ಟು ನೀರು ಕಾಯಿಸಿ, ಕುದಿ ಬರುವ ಮೊದಲೇ ಒಲೆ ಆರಿಸಿ. ಪಾತ್ರೆಯ ಬಾಯಿಯನ್ನು ಪೂರ್ತಿ ಮುಚ್ಚುವಂಥ ಬಟ್ಟಲನ್ನು ಅದರ ಮೇಲಿಡಿ. ಸಂದಿ ಇದ್ದರೆ ಹಬೆ ಮೇಲೆದ್ದು ಚಾಕೊಲೇಟಿಗೆ ತಾಗುತ್ತದೆ. ಬಟ್ಟಲಿನ ತಳ ನೀರಿಗೆ ಮುಟ್ಟಬಾರದು. ಮೇಲೆ ತಟ್ಟೆ ಮುಚ್ಚುವ ಅಭ್ಯಾಸವನ್ನು ಇಲ್ಲಿ ಬಿಡಿ, ಏಕೆಂದರೆ ತಟ್ಟೆಯಡಿ ಕೂತ ಹನಿ ಒಳಕ್ಕೇ ಬೀಳುತ್ತದೆ. ಮುಕ್ಕಾಲು ಪಾಲು ಕರಗಿದಾಗ ಕೆಳಗಿಳಿಸಿ, ಬಟ್ಟಲಿನ ಹೊರಮೈ ಒರೆಸಿ, ಉಳಿದದ್ದನ್ನು ಅದರ ಬಿಸಿಯಲ್ಲೇ ಕಲಕುತ್ತಾ ಕರಗಿಸಿ. ಒರೆಸುವುದನ್ನು ಮರೆತರೆ ಸುರಿಯುವಾಗ ಆ ನೀರೂ ಜೊತೆಗಿಳಿಯುತ್ತದೆ.

ಮಳೆಗಾಲಕ್ಕೆ ನನ್ನ ಮತ ಮೈಕ್ರೊವೇವ್‌ಗೆ, ಅಲ್ಲಿ ಹಬೆಯ ಕಾಟವಿಲ್ಲ. ಶಕ್ತಿಯನ್ನು ಅರ್ಧಕ್ಕಿಳಿಸಿ, ಮೊದಲು 30 ಸೆಕೆಂಡ್, ಆಮೇಲೆ 15 ಸೆಕೆಂಡ್‌ಗಳಂತೆ ಬಿಸಿ ಮಾಡಿ, ಪ್ರತಿ ಸಲವೂ ಹೊರತೆಗೆದು ಕಲಕಿ. ಕರಗಿದ ತುಂಡೂ ಆಕಾರ ಬಿಡದೆ ಕೂತಿರುತ್ತದೆ, ಕಣ್ಣನ್ನು ನಂಬಿದರೆ ಒಳಗೆ ಸೀದುಹೋಗುತ್ತದೆ. ಡಾರ್ಕ್ ಚಾಕೊಲೇಟ್ 50 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಹಾಲಿನ ಚಾಕೊಲೇಟ್ ಮತ್ತು ಬಿಳಿ ಚಾಕೊಲೇಟಿಗೆ 45 ಸಾಕು.

ನಮ್ಮ ಊರಿನವರಿಗೆ ಇದಕ್ಕೆ ಕಾಫಿಯ ಪರಿಮಳವೂ ಬೇಕು. ಆದರೆ ಒಂದು ಚಮಚ ಡಿಕಾಕ್ಷನ್ ಹಾಕಿದರೂ ಗಂಟು ಕಟ್ಟುವುದು ಖಚಿತ. ಇನ್‌ಸ್ಟಂಟ್ ಕಾಫಿಯನ್ನು ನುಣ್ಣಗೆ ಪುಡಿ ಮಾಡಿ ಒಣದಾಗಿಯೇ ಬೆರೆಸಿ.

ಅಷ್ಟಾಗಿಯೂ ಗಂಟು ಕಟ್ಟಿದರೆ ಬಿಸಿ ಹಾಲನ್ನು ಒಂದೊಂದೇ ಚಮಚ ಹಾಕುತ್ತಾ ಜೋರಾಗಿ ಕಲಕಿ. ಸಕ್ಕರೆ ಪೂರ್ತಿ ಕರಗುವಷ್ಟು ನೀರಿನಂಶ ಸಿಕ್ಕಾಗ ಗಂಟು ಬಿಡುತ್ತದೆ. 200 ಗ್ರಾಂಗೆ ನಾಲ್ಕು ದೊಡ್ಡ ಚಮಚದಷ್ಟು ಬೇಕಾದೀತು. ಅದು ಇನ್ನು ಗೋಡಂಬಿಯ ಮೇಲೆ ಗಟ್ಟಿಯಾಗಿ ಕೂರುವುದಿಲ್ಲ, ಐಸ್‌ಕ್ರೀಮ್ ಮೇಲೆ ಸುರಿಯಲು ಅಡ್ಡಿಯಿಲ್ಲ. ಸೀದ ವಾಸನೆ ಬಂದಿದ್ದರೆ ಮಾತ್ರ ಹಾಲು ದಂಡ ಮಾಡಬೇಡಿ, ಚೆಲ್ಲಿಬಿಡಿ.