ಮೊತ್ತ ಅದೇ, ಎನ್‌ಪಿವಿ ಬೇರೆ: ತಿದ್ದಿದ ಲೆಕ್ಕವನ್ನು ಪತ್ರದಲ್ಲಿ ವಿವರಿಸುವುದು ಹೇಗೆ

ಯೋಜನೆಯೊಂದರ ನಿವ್ವಳ ಪ್ರಸ್ತುತ ಮೌಲ್ಯ, ಅಂದರೆ ಎನ್‌ಪಿವಿ, 40.5 ಎಂದು ವರದಿ ಕೊಟ್ಟಾಗಿದೆ. ವಾರದ ನಂತರ ಹಣ ಬರುವ ಕಾಲವನ್ನು ತಪ್ಪಾಗಿ ಹಿಡಿದಿದ್ದುದು ಗೊತ್ತಾಗಿ, ತಿದ್ದಿದ ಲೆಕ್ಕದಲ್ಲಿ ಅದು −6.7ಕ್ಕೆ ಇಳಿದಿದೆ. ಬರುವ ಹಣದಲ್ಲಾಗಲಿ ಖರ್ಚಿನಲ್ಲಾಗಲಿ ಏನೂ ಬದಲಾಗಿಲ್ಲದಿರುವಾಗ ‘ಕೈಗೊಳ್ಳಬಹುದು’ ಎಂದಿದ್ದ ಯೋಜನೆ ‘ಬೇಡ’ ಎಂಬಲ್ಲಿಗೆ ಏಕೆ ಬಂತು ಎಂಬುದನ್ನು ಕಿರಿಯ ವಿಶ್ಲೇಷಕರು ತಮ್ಮ ಹಿರಿಯರಿಗೆ ಬರೆದು ತಿಳಿಸಬೇಕಾಗುತ್ತದೆ. ವೃತ್ತಿಯ ಆರಂಭದಲ್ಲಿ ನಾನೂ ಇಂಥ ಪತ್ರ ಬರೆದಿದ್ದೇನೆ. ಅದರ ಮೊದಲ ಕರಡಿನಲ್ಲಿ ಕ್ಷಮೆ ಧಾರಾಳವಾಗಿತ್ತು, ಲೆಕ್ಕ ಮಾತ್ರ ಇರಲಿಲ್ಲ. ಓದುವವರಿಗೆ ಬೇಕಾದದ್ದು ಲೆಕ್ಕ.

ಇಲ್ಲಿ ಒಂದೇ ಉದಾಹರಣೆಯನ್ನು ಕೊನೆಯವರೆಗೆ ನೋಡೋಣ. ಹೂಡಿಕೆ 1,000, ಬಳಿಕ ಐದು ವರ್ಷ ವರ್ಷಕ್ಕೊಮ್ಮೆ 290ರಂತೆ ಆದಾಯ, ಡಿಸ್ಕೌಂಟ್ ದರ ವರ್ಷಕ್ಕೆ ಶೇ 12. ಹಣ ಯಾವ ನಾಣ್ಯದ್ದಾದರೂ ಲೆಕ್ಕದ ರೀತಿ ಬದಲಾಗುವುದಿಲ್ಲ.

ಪತ್ರದ ಮೊದಲ ವಾಕ್ಯದಲ್ಲೇ ಹಳೆಯ ಉತ್ತರ, ಹೊಸ ಉತ್ತರ ಮತ್ತು ಶಿಫಾರಸಿನ ಬದಲಾವಣೆ ಮೂರೂ ಇರಬೇಕು: “ಕಳೆದ ವಾರ 40.5 ಎಂದು ತಿಳಿಸಿದ್ದ ಎನ್‌ಪಿವಿ, ನಗದು ಹರಿವಿನ ಕಾಲವನ್ನು ಸರಿಪಡಿಸಿದ ನಂತರ −6.7 ಆಗಿದೆ, ಆದ್ದರಿಂದ ಹಿಂದಿನ ಶಿಫಾರಸನ್ನು ಹಿಂಪಡೆಯುತ್ತಿದ್ದೇನೆ.” ಅದರ ಬೆನ್ನಿಗೇ ಬದಲಾಗದೆ ಉಳಿದದ್ದನ್ನೂ ಹೇಳಬೇಕು. ಡಿಸ್ಕೌಂಟ್ ಮಾಡದೆ ಸುಮ್ಮನೆ ಕೂಡಿದರೆ ಎರಡೂ ಲೆಕ್ಕಗಳಲ್ಲಿ ಒಳಬರುವ ಹಣ 1,450, ಹೊರಹೋಗುವ ಹಣ 1,000, ವ್ಯತ್ಯಾಸ 450. ಮೊತ್ತಗಳನ್ನಾಗಲಿ ದರವನ್ನಾಗಲಿ ಮುಟ್ಟಿಲ್ಲ, ಕಾಲವನ್ನಷ್ಟೇ ತಿದ್ದಲಾಗಿದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಪುರಾವೆ ಇಲ್ಲ. ಪತ್ರ ಬರೆಯಲು ಕೂರುವ ಮೊದಲೇ ಈ ಮೊತ್ತಗಳನ್ನು ಹೋಲಿಸಿ ನೋಡಿ. ಅವು ಹೊಂದದಿದ್ದರೆ ಲೆಕ್ಕದಲ್ಲಿ ಇನ್ನೇನೋ ಕದಲಿದೆ, ಅದು ಸಿಗುವವರೆಗೆ ಪತ್ರ ಕಳಿಸಬಾರದು.

ಮುಂದಿನ ಹೆಜ್ಜೆಯೆಂದರೆ, 47.2ರಷ್ಟಿರುವ ಒಟ್ಟು ಇಳಿಕೆಯನ್ನು ಕಾರಣಗಳ ಪ್ರಕಾರ ಬಿಡಿಸುವುದು. ಪತ್ರದ ಜೀವ ಇರುವುದೇ ಇಲ್ಲಿ. ಒಂದು ಸಲಕ್ಕೆ ಒಂದನ್ನೇ ತಿದ್ದಿ, ಪ್ರತಿ ತಿದ್ದುಪಡಿಯ ನಂತರದ ಎನ್‌ಪಿವಿಯನ್ನು ಬರೆದಿಡಬೇಕು. ನಮ್ಮ ಉದಾಹರಣೆಯಲ್ಲಿ ಮೂರು ತಿದ್ದುಪಡಿಗಳಿವೆ.

ಮೊದಲನೆಯದು ಎಕ್ಸೆಲ್‌ನ ಸೂತ್ರಕ್ಕೆ ಸಂಬಂಧಿಸಿದ್ದು. `NPV` ಎಂಬ ಸೂತ್ರವು ತನಗೆ ಕೊಟ್ಟ ಮೊದಲ ಮೊತ್ತವನ್ನು ಇಂದಿನದೆಂದು ತಿಳಿಯುವುದಿಲ್ಲ, ಒಂದು ವರ್ಷದ ಕೊನೆಯದೆಂದು ತಿಳಿದು ಅದನ್ನೂ ಡಿಸ್ಕೌಂಟ್ ಮಾಡುತ್ತದೆ. ಇಂದೇ ಹೂಡುವ ಹಣ `B2`ದಲ್ಲಿ −1,000 ಎಂದಿದ್ದರೆ ಅದನ್ನು ಸೂತ್ರದ ಹೊರಗಿಡಬೇಕು.

```
ತಪ್ಪು:  =NPV(12%,B2:G2)
ಸರಿ:   =B2+NPV(12%,C2:G2)
```

ಇದನ್ನು ಸರಿಪಡಿಸಿದಾಗ 40.5 ಇದ್ದದ್ದು 45.4 ಆಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ತಪ್ಪು ಒಳಬರುವ ಮತ್ತು ಹೊರಹೋಗುವ ಹಣವೆಲ್ಲವನ್ನೂ ಸಮನಾಗಿ ಒಂದು ವರ್ಷ ಮುಂದಕ್ಕೆ ತಳ್ಳುವುದರಿಂದ ಇಡೀ ಉತ್ತರ 1.12ರಿಂದ ಭಾಗಿಸಲ್ಪಡುತ್ತದೆ, ಅಷ್ಟೆ. ಭಾಗಿಸಿದ ಮಾತ್ರಕ್ಕೆ ಧನ ಸಂಖ್ಯೆ ಋಣವಾಗದು. ಹಾಗಾಗಿ ಹಳೆಯ ಉತ್ತರವನ್ನು ಹೊಸದರಿಂದ ಭಾಗಿಸಿದಾಗ ನಿಖರವಾಗಿ 1.12 ಅಥವಾ ಅದರ ವಿಲೋಮ ಬಂದರೆ ಸೂತ್ರದ ತಪ್ಪೊಂದೇ ಇದೆಯೆಂದು ಅರ್ಥ. ಚಿಹ್ನೆಯೇ ಬದಲಾಗಿದ್ದರೆ, ಹೂಡಿಕೆಗೂ ಆದಾಯಕ್ಕೂ ನಡುವಿನ ಅಂತರ ಎಲ್ಲೋ ಹಿಗ್ಗಿದೆ ಅಥವಾ ಕುಗ್ಗಿದೆ.

ಎರಡನೆಯ ತಿದ್ದುಪಡಿಯಲ್ಲಿ ನಡೆದದ್ದು ಅದೇ. ಹಣ ಹೂಡಿದ ದಿನವೇ ಉತ್ಪಾದನೆ ಆರಂಭವಾಗುತ್ತದೆಂದು ಹಳೆಯ ಲೆಕ್ಕ ಭಾವಿಸಿತ್ತು. ಯಂತ್ರವನ್ನು ಸ್ಥಾಪಿಸಿ ಪರೀಕ್ಷಿಸಲು ಆರು ತಿಂಗಳು ಬೇಕೆಂದು ಕಾಮಗಾರಿಯ ವೇಳಾಪಟ್ಟಿ ಹೇಳುತ್ತದೆ. ಆದ್ದರಿಂದ ಮೊದಲ ಆದಾಯ ಹನ್ನೆರಡನೆಯ ತಿಂಗಳ ಬದಲು ಹದಿನೆಂಟನೆಯ ತಿಂಗಳಲ್ಲಿ ಬರುತ್ತದೆ, ಉಳಿದ ನಾಲ್ಕೂ ಅದರಂತೆಯೇ ಸರಿಯುತ್ತವೆ. ಐದು ಆದಾಯಗಳ ಇಂದಿನ ಮೌಲ್ಯ 1,045.4 ಇತ್ತು. ಶೇ 12ರ ದರದಲ್ಲಿ ಅರ್ಧ ವರ್ಷದ ವಿಳಂಬವೆಂದರೆ 0.9449ರಿಂದ ಗುಣಿಸುವುದು, ಅಂದರೆ 987.8. ಹೂಡಿಕೆ ಇದ್ದಲ್ಲೇ ಇದ್ದು ಆದಾಯ ಮಾತ್ರ ದೂರ ಸರಿದದ್ದರಿಂದ 57.6 ಕರಗಿ, ಎನ್‌ಪಿವಿ −12.2 ಆಯಿತು. ಶೇಕಡಾ ಐದೂವರೆಯ ಸವಕಲು ಸಣ್ಣದಾಗಿ ಕಾಣಬಹುದು. ಆದರೆ ಅದು ತಟ್ಟುವುದು 45ಕ್ಕಲ್ಲ, 1,045ಕ್ಕೆ. ಈ ವಾಕ್ಯವನ್ನು ಪತ್ರದಲ್ಲಿ ಬಿಡದೆ ಬರೆಯಿರಿ, ಏಕೆಂದರೆ ‘ಆರು ತಿಂಗಳಿಗೆ ಇಷ್ಟೊಂದೇ?’ ಎಂಬ ಪ್ರಶ್ನೆಗೆ ಉತ್ತರ ಅದರಲ್ಲಿದೆ.

ಮೂರನೆಯದು ನಮ್ಮ ಪರವಾದ ತಿದ್ದುಪಡಿ. ಹೂಡಿಕೆಯ 1,000ದಲ್ಲಿ 100ನ್ನು ಯಂತ್ರ ಕೆಲಸ ಆರಂಭಿಸಿದ ಮೇಲೆಯೇ ಪಾವತಿಸಬೇಕೆಂದು ಒಪ್ಪಂದದಲ್ಲಿದೆ. ಆರಂಭ ಆರು ತಿಂಗಳ ನಂತರವಾದರೆ ಆ ಪಾವತಿಯೂ ಆರು ತಿಂಗಳ ನಂತರ. ಇದರಿಂದ 5.5 ಉಳಿದು ಎನ್‌ಪಿವಿ −6.7ಕ್ಕೆ ಬರುತ್ತದೆ. ಆದಾಯದ ದಿನಾಂಕವನ್ನು ಸರಿಸಿ ಪಾವತಿಯ ದಿನಾಂಕವನ್ನು ಮರೆಯುವುದು ಈ ಕೆಲಸದಲ್ಲಿ ಬಹಳ ಸುಲಭವಾಗಿ ಆಗುವ ಲೋಪ. ಒಂದು ಘಟನೆ ಮುಂದೆ ಹೋದರೆ ಅದಕ್ಕೆ ಕಟ್ಟಿದ ಪ್ರತಿಯೊಂದು ಹಣವೂ, ಒಳಬರುವುದಿರಲಿ ಹೊರಹೋಗುವುದಿರಲಿ, ಜೊತೆಗೇ ಹೋಗಬೇಕು.

ಇಷ್ಟಾದ ಮೇಲೆ ಉತ್ತರವನ್ನು ಇನ್ನೊಂದು ದಾರಿಯಿಂದ ಪರಿಶೀಲಿಸಿ. ಮೊದಲ ಸಾಲಿನಲ್ಲಿ ನಿಜವಾದ ದಿನಾಂಕಗಳನ್ನು, ಎರಡನೆಯ ಸಾಲಿನಲ್ಲಿ −900, −100 ಹಾಗೂ ಐದು ಆದಾಯಗಳನ್ನು ಬರೆದು ಈ ಸೂತ್ರ ಬಳಸಬಹುದು.

```
=XNPV(12%,B2:H2,B1:H1)
```

`XNPV` ಮೊದಲ ದಿನಾಂಕವನ್ನು ಇಂದು ಎಂದು ಹಿಡಿದು, ಅಲ್ಲಿಂದ ಕಳೆದ ದಿನಗಳನ್ನು 365ರಿಂದ ಭಾಗಿಸುತ್ತದೆ. ಆರು ತಿಂಗಳು ಯಾವಾಗಲೂ ಸರಿಯಾಗಿ ಅರ್ಧ ವರ್ಷವಲ್ಲದ ಕಾರಣ ಉತ್ತರದಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ. ಅದರ ಕಾರಣವನ್ನು ಪತ್ರದಲ್ಲಿ ಒಂದು ಸಾಲಿನಲ್ಲಿ ಹೇಳಿದರೆ ಸಾಕು.

ಅನುಭವಿ ಓದುಗರು ಎತ್ತಬಹುದಾದ ಆಕ್ಷೇಪವೊಂದಕ್ಕೆ ಮೊದಲೇ ಉತ್ತರ ಸಿದ್ಧವಿರಲಿ. ಆದಾಯ ವರ್ಷವಿಡೀ ಹರಿದುಬರುವುದಾದರೆ ಅದನ್ನು ವರ್ಷದ ನಡುವಿನದೆಂದು ಎಣಿಸುವ ಪದ್ಧತಿಯಿದೆ; ಹಾಗೆ ಎಣಿಸಿದರೆ ನಾವು ಕಳೆದುಕೊಂಡ ಅರ್ಧ ವರ್ಷ ಮರಳಿ ಸಿಕ್ಕಿ, ಎನ್‌ಪಿವಿ 50.9ಕ್ಕೆ ಏರುತ್ತದೆ. ಯಾವ ಪದ್ಧತಿ ಸರಿಯೆಂಬುದನ್ನು ತೀರ್ಮಾನಿಸಬೇಕಾದದ್ದು ಬೇಕಾದ ಉತ್ತರವಲ್ಲ, ಹಣ ಸಂದಾಯವಾಗುವ ರೀತಿ. ನಮ್ಮ ಉದಾಹರಣೆಯ ಖರೀದಿದಾರರು ಒಪ್ಪಂದದಂತೆ ವರ್ಷದ ಕೊನೆಯಲ್ಲಿ ಒಮ್ಮೆಗೇ ಕೊಡುವುದರಿಂದ ವರ್ಷಾಂತ್ಯದ ಎಣಿಕೆಯೇ ಸರಿ. ಒಪ್ಪಂದದ ಆ ಕಲಮಿನ ಸಂಖ್ಯೆಯನ್ನು ಪತ್ರದಲ್ಲಿ ನಮೂದಿಸಿ.

ಕೊನೆಯದಾಗಿ, ತೀರ್ಮಾನ ಯಾವ ದಿನಾಂಕದ ಮೇಲೆ ನಿಂತಿದೆ ಎಂಬುದನ್ನು ಹೇಳಬೇಕು. ಯಂತ್ರ ಐದು ತಿಂಗಳಲ್ಲಿ ಆರಂಭವಾದರೆ ಎನ್‌ಪಿವಿ +1.8, ಆರು ತಿಂಗಳಾದರೆ −6.7, ಅದು ಸೊನ್ನೆ ದಾಟುವುದು ಐದು ತಿಂಗಳು ಕಳೆದು ಸುಮಾರು ಒಂದು ವಾರಕ್ಕೆ. ಹಾಗಾಗಿ ಪತ್ರ ಹೀಗೆ ನಿಲ್ಲಬಹುದು: “ಆರು ತಿಂಗಳೆಂಬ ಅವಧಿಯನ್ನು ವೇಳಾಪಟ್ಟಿಯಿಂದ ತೆಗೆದುಕೊಂಡಿದ್ದೇನೆ; ಸ್ಥಾಪನೆಯ ಹೊಣೆ ಹೊತ್ತವರೊಂದಿಗೆ ನಾನಿನ್ನೂ ಮಾತನಾಡಿಲ್ಲ. ಮಂಡಳಿಯ ಸಭೆಗೆ ಮೊದಲು ಈ ದಿನಾಂಕವನ್ನು ಅವರಿಂದ ಬರಹದಲ್ಲಿ ಪಡೆಯಲು ತಮ್ಮ ಅನುಮತಿ ಕೋರುತ್ತೇನೆ.”