ಡಿಸ್ಕೌಂಟ್ ಬೋರ್ಡ್ ಇಳಿಸಿ ದೀಪಾವಳಿ ಸೀಸನ್ ಮಾಡಿದ್ದು: ನನ್ನ ಅನುಭವ

ಗಂಗಾವತಿಯಲ್ಲಿ ನಮ್ಮದು ಸ್ವೀಟ್ ಅಂಗಡಿ. ಹಿಂದೆ ಅಡುಗೆಮನೆ, ಮುಂದೆ ಕೌಂಟರ್. 2024ರಲ್ಲಿ ದೀಪಾವಳಿಗೆ ಡಿಸ್ಕೌಂಟ್ ಬೋರ್ಡ್ ಹಾಕೋದಿಲ್ಲ ಅಂದಾಗ ನಮ್ಮ ಕಾಕಾ ಬೈದಿದ್ದು ಇಷ್ಟಲ್ಲ. "ಏ ತಮ್ಮಾ, ಬೋರ್ಡ್ ಇಲ್ಲಂದ್ರ ಮಂದಿ ಎದುರಿನ ಅಂಗಡಿಗೆ ಹೋಗ್ತಾರ. ಹಬ್ಬದಾಗ ಶಾಣ್ಯಾತನ ಮಾಡಬ್ಯಾಡ" ಅಂದರು. ಎರಡು ಸೀಸನ್ ಆಯ್ತು. ಈಗ ಅವರೇ ಬುಕಿಂಗ್ ಪುಸ್ತಕ ಹಿಡಿದು ಕೂರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ತುಪ್ಪದ ಮೈಸೂರ್ ಪಾಕ್ ಕೆಜಿಗೆ 560ಕ್ಕೆ ಮಾರುತ್ತಿದ್ದೆವು ಅಂತ ಇಟ್ಟುಕೊಳ್ಳಿ. ಸಾಮಾನು, ಗ್ಯಾಸು, ಕೂಲಿ, ಡಬ್ಬಿ ಎಲ್ಲಾ ಸೇರಿ 420ರ ಆಸುಪಾಸು ಬೀಳುತ್ತಿತ್ತು. ಉಳಿಯೋದು 140. ಮಾರೋ ರೇಟಿನಲ್ಲಿ ಶೇಕಡ 10 ಬಿಟ್ಟರೆ 56 ರೂಪಾಯಿ ಹೋಯ್ತು, ಉಳಿದದ್ದು 84. ಅಂದರೆ ಮೊದಲು 100 ಕೆಜಿ ಮಾರಿದರೆ ಬರುತ್ತಿದ್ದ ಲಾಭಕ್ಕೆ ಈಗ 167 ಕೆಜಿ ಮಾರಬೇಕು. ಹಬ್ಬದ ಹಿಂದಿನ ಮೂರು ದಿನ ಅಷ್ಟು ಮಾಡೋಕೆ ನಮ್ಮ ಭಟ್ಟಿಯಲ್ಲಿ ಜಾಗವೇ ಇಲ್ಲ. ಆ ಮೂರು ದಿನ ಬೋರ್ಡ್ ಇದ್ದರೂ ಇಲ್ಲದಿದ್ದರೂ ಕೌಂಟರ್ ಮುಂದೆ ಮಂದಿ ನಿಂತೇ ಇರುತ್ತಾರೆ. ಹೇಗೂ ಬರೋ ಗಿರಾಕಿಗೆ ನಮ್ಮ ಕೈಯಿಂದಲೇ 56 ರೂಪಾಯಿ ಕೊಟ್ಟು ಕಳಿಸುತ್ತಿದ್ದೆವು, ಅಷ್ಟೇ.

ಇನ್ನೊಂದು ಕಡೆ ನಷ್ಟ ಉಳಿಕೆಯಲ್ಲಿತ್ತು. ಪಾಡ್ಯದ ಮರುದಿನ ಬೆಳಿಗ್ಗೆ ಒಂದು ಒಂದೂವರೆ ಕ್ವಿಂಟಲ್ ಮಾಲು ಟ್ರೇಗಳಲ್ಲಿ ಕೂತಿರುತ್ತಿತ್ತು. ಒಂದಷ್ಟು ಅರ್ಧ ರೇಟಿಗೆ ಹೋಗೋದು, ಖೋವಾದ್ದು ಸೀದಾ ತಿಪ್ಪೆಗೆ. ಬಿಡಿ ಸಿಹಿಗೂ ಟ್ರೇ ಮೇಲೆ 'ಇಂಥ ದಿನದೊಳಗೆ ಬಳಸಿ' ಅಂತ ಹಾಕಬೇಕು ಅಂತ 2020ರ ಅಕ್ಟೋಬರ್‌ನಿಂದ ನಿಯಮ ಬಂದಿದೆಯಲ್ಲ, ಹಾಗಾಗಿ ಎರಡು ದಿನ ಜಾಸ್ತಿ ಇಟ್ಟು ದಾಟಿಸೋ ಹಳೇ ದಾರಿಯೂ ಇಲ್ಲ.

ಹಾಗಾದರೆ ಆಫರ್ ಯಾವುದಕ್ಕೆ ಕೊಡಬೇಕು? ಗಿರಾಕಿ ಬರೋದಕ್ಕಲ್ಲ, ಬೇಗ ಹೇಳೋದಕ್ಕೆ. ನನ್ನ ಯೋಜನೆಯೆಲ್ಲ ಇದರ ಮೇಲೇ ನಿಂತಿದೆ.

ನಮ್ಮೂರಲ್ಲಿ ದೀಪಾವಳಿ ಹೊತ್ತಿಗೆ ಭತ್ತ ಇನ್ನೂ ಗದ್ದೆಯಲ್ಲೇ ಇರುತ್ತೆ. ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಸೋನಾ ಮಸೂರಿ ಕೊಯ್ಲಿಗೆ ಬರೋದು ಹಬ್ಬ ಕಳೆದ ಮೇಲೇ ಜಾಸ್ತಿ. ರೈತನ ಕೈಯಲ್ಲಿ ರೊಕ್ಕ ಇರೋದಿಲ್ಲ, ಅರ್ಧ ಕೆಜಿಗೆ ನಿಲ್ಲುತ್ತಾನೆ. ಡಬ್ಬಿ ಲೆಕ್ಕದಲ್ಲಿ ಕೊಳ್ಳೋರು ಅಂದರೆ ರೈಸ್ ಮಿಲ್‌ನವರು, ಗೊಬ್ಬರ-ಔಷಧಿ ಅಂಗಡಿಯವರು, ದಲಾಲಿ ಅಂಗಡಿಯವರು. ಹಮಾಲರಿಗೆ, ಗುಮಾಸ್ತರಿಗೆ, ಲಕ್ಷ್ಮಿ ಪೂಜೆಗೆ ಬರೋ ಖಾಯಂ ಗಿರಾಕಿಗಳಿಗೆ ಅಂತ ನೂರು, ಇನ್ನೂರು ಡಬ್ಬಿ ಬೇಕಾಗುತ್ತೆ. ಇವರೆಲ್ಲ ಹಿಂದಿನ ದಿನ ಫೋನ್ ಮಾಡಿ "ನಾಳೆ ಮುಂಜಾನೆ ಕಳಿಸ್ರಿ" ಅನ್ನೋ ಜನ. ಇವರನ್ನ ಹತ್ತು ದಿನ ಮುಂಚೆ ಹೇಳಿಸಿದರೆ ಅರ್ಧ ಸೀಸನ್ ಗೆದ್ದಂತೆ.

ಹೇಳಿಸಿದ್ದು ಹೀಗೆ. ಆಯುಧ ಪೂಜೆಗೆ ಮಿಲ್‌ಗಳಿಗೆ ಪೇಡೆ, ಮಂಡಾಳು ಹೋಗೇ ಹೋಗುತ್ತೆ. ಆ ಡಬ್ಬಿಗಳ ಜೊತೆಯಲ್ಲೇ ದೀಪಾವಳಿ ರೇಟ್ ಕಾರ್ಡ್ ಇಟ್ಟೆ. ವಿಜಯದಶಮಿ ಸಂಜೆ ಬನ್ನಿ ಕೊಡೋಕೆ ನಾನೇ ಹೋದೆ. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಅಂತ ಕೈ ಹಿಡಿದ ಮೇಲೆ ಸ್ಯಾಂಪಲ್ ಡಬ್ಬಿ ಮೇಜಿನ ಮೇಲಿಟ್ಟರೆ ಯಾವ ಸಾಹುಕಾರನೂ ಎದ್ದು ಹೋಗು ಅನ್ನೋದಿಲ್ಲ. ಆಫರ್ ಸರಳ. ಹಬ್ಬಕ್ಕೆ ಎಂಟು ದಿನ ಇರೋವಾಗ ಬುಕಿಂಗ್ ಬಂದ್. ಅದರೊಳಗೆ ಮೂರನೇ ಒಂದು ಭಾಗ ಅಡ್ವಾನ್ಸ್ ಕೊಟ್ಟರೆ ತುಪ್ಪ, ಗೋಡಂಬಿ ಏರಿದರೂ ಇವತ್ತಿನ ರೇಟೇ ಖಾಯಂ, ಮೇಲೆ ಕೆಜಿ ಡಬ್ಬಿಗೊಂದು 200 ಗ್ರಾಂ ಚೂಡಾ ಪ್ಯಾಕೆಟ್ ಉಚಿತ. ಚೂಡಾ ನಮಗೆ ಬೀಳೋದು ಕವರ್ ಸೇರಿ 30ರ ಹತ್ತಿರ. ಕೈಯಲ್ಲಿ ಹಿಡಿದರೆ 60ರ ಮಾಲು ಅನಿಸುತ್ತೆ. 56 ಬಿಡೋ ಕಡೆ 30ರಲ್ಲಿ ಮುಗಿಯಿತು, ಬಂದ ಅಡ್ವಾನ್ಸ್‌ನಲ್ಲೇ ತುಪ್ಪದ ಟಿನ್ನು, ತುಂಡು ಗೋಡಂಬಿ ನಗದಿಗೆ ಬಂತು. ನಗದು ಅಂದರೆ ವ್ಯಾಪಾರಿ ಹೇಗೆ ಮಾತಾಡುತ್ತಾನೆ ಅಂತ ನಿಮಗೆ ಗೊತ್ತೇ ಇದೆ. ಹಿಂದೆ ಪ್ಯಾಕ್ ಮಾಡಿದ ಖಾರಕ್ಕೆ 12, ಸಿಹಿಗೆ 5 ಅಂತ ಜಿಎಸ್‌ಟಿ ಬೇರೆ ಬೇರೆ ಇದ್ದಾಗ ಎರಡನ್ನೂ ಒಂದೇ ಬಿಲ್ಲಿಗೆ ತರೋದು ತಲೆನೋವಾಗಿತ್ತು. 2025ರ ಸೆಪ್ಟೆಂಬರ್ 22ರಿಂದ ಎರಡೂ ಶೇಕಡ 5 ಆಗಿ ಅದೂ ಹಗುರಾಯಿತು.

ಅಡ್ವಾನ್ಸ್ ಅಂದ ಕೂಡಲೇ ಮುಖ ತಿರುಗಿಸಿದವರೂ ಇದ್ದಾರೆ. ಒಂದು ದೊಡ್ಡ ಮಿಲ್‌ನವರು ಸಂಕ್ರಾಂತಿಗೆ ದುಡ್ಡು ಕೊಡೋ ಪೈಕಿ. ಮೊದಲ ವರ್ಷ ಅವರನ್ನ ಬಿಟ್ಟೆ. ಹತ್ತಿರ ಹತ್ತಿರ ಎರಡು ಕ್ವಿಂಟಲ್ ಆರ್ಡರ್ ಕೈಬಿಟ್ಟಾಗ ಮನೆಯಲ್ಲಿ ಮೂರು ದಿನ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಈಗ ಮಾಲಿನ ವಿಷಯ. ಡಬ್ಬಿಯ ಆಯುಷ್ಯ ಅಂದರೆ ಅದರೊಳಗೆ ಬೇಗ ಕೆಡೋ ತುಂಡಿನ ಆಯುಷ್ಯ. ನಾಲ್ಕು ಬಗೆ ಹಾಕಿ ಅದರಲ್ಲಿ ಒಂದು ಖೋವಾ ಬರ್ಫಿ ಇಟ್ಟರೆ ಇಡೀ ಡಬ್ಬಿ ಮೂರು ನಾಲ್ಕು ದಿನದ್ದು. ಮಿಲ್‌ನವನು ಎರಡು ದಿನ ಆಫೀಸಿನಲ್ಲಿಟ್ಟು ಹಂಚುತ್ತಾನೆ, ಹಮಾಲ ಅದನ್ನ ಊರಿಗೆ ಒಯ್ದು ಮಕ್ಕಳಿಗೆ ಕೊಡೋ ಹೊತ್ತಿಗೆ ಹುಳಿ ವಾಸನೆ. ಮೇಲಾಗಿ ಖೋವಾದ ಪಸೆ ಪಕ್ಕದ ಬೇಸನ್ ಉಂಡಿಗೆ ಇಳಿದು ಅದೂ ಮೆತ್ತಗಾಗುತ್ತೆ. ಅದಕ್ಕೆ ಬುಕಿಂಗ್ ಡಬ್ಬಿಗೆ ಖೋವಾ ಪೂರ್ತಿ ಬಂದ್. ಕರದಂಟು, ಬೇಸನ್ ಉಂಡಿ, ಮೈಸೂರ್ ಪಾಕ್, ಕಾಜು ಕತ್ಲಿ, ಈ ನಾಲ್ಕೇ. ಪೇಡೆ, ಬರ್ಫಿ, ಕಲಾಕಂದ್ ಬೇಕಂದರೆ ಕೌಂಟರ್‌ಗೆ ಬರಲಿ, ಅವತ್ತಿಂದವತ್ತು ತಾಜಾ ಒಯ್ಯಲಿ.

ಹೀಗೆ ಬೇರೆ ಮಾಡಿದ ಮೇಲೆ ಅಡುಗೆಮನೆಯ ದಿನಗಳು ತಾವೇ ಸಾಲಾಗಿ ಕೂತವು. ಹಬ್ಬಕ್ಕೆ ಹನ್ನೆರಡು ದಿನ ಇರೋವಾಗ ಕರದಂಟು ಶುರು, ಅದು ತಿಂಗಳು ಇದ್ದರೂ ಏನೂ ಆಗೋದಿಲ್ಲ. ಬುಕಿಂಗ್ ಮುಗಿದ ಕೂಡಲೇ ಬೇಸನ್ ಉಂಡಿ, ಆಮೇಲೆ ಮೈಸೂರ್ ಪಾಕ್, ಹಬ್ಬಕ್ಕೆ ಐದು ದಿನ ಇರೋವಾಗ ಕಾಜು ಕತ್ಲಿ. ಕೊನೆಯ ಎರಡು ದಿನ ಭಟ್ಟಿ ಪೂರ್ತಿ ಖೋವಾಕ್ಕೆ ಖಾಲಿ. ಹೊರಗಿನ ಖೋವಾ ಬಂದಾಗ ಚಿಟಿಕೆ ತೆಗೆದು ನೀರಲ್ಲಿ ಕುದಿಸಿ, ಆರಿಸಿ, ಎರಡು ಹನಿ ಟಿಂಚರ್ ಅಯೋಡಿನ್ ಹಾಕುತ್ತೇವೆ. ನೀಲಿಗೆ ತಿರುಗಿದರೆ ಪಿಷ್ಟ ಕಲಸಿದ್ದಾರೆ ಅಂತ, ಕ್ಯಾನ್ ಹಾಗೇ ವಾಪಸ್. ಒಳ್ಳೇ ಖೋವಾ ಎಲ್ಲಿಂದ ತರುತ್ತೇನೆ ಅಂತ ಮಾತ್ರ ಕೇಳಬೇಡಿ. ಕಾಜು ಕತ್ಲಿ ಹತ್ತು ದಿನವಾದರೂ ಬಿರುಕು ಬಿಡದಿರೋದಕ್ಕೆ ಪಾಕದಲ್ಲಿ ಏನು ಮಾಡುತ್ತೇವೆ ಅನ್ನೋದೂ ನಮ್ಮ ಭಟ್ಟರ ಗುಟ್ಟು.

ಎಲ್ಲಾ ಸರಿ ಹೋಯ್ತು ಅಂದುಕೊಂಡಾಗ ಸಿಕ್ಕಿಬಿದ್ದಿದ್ದು ಆರಿಸೋ ಜಾಗದಲ್ಲಿ. ದಿನಕ್ಕೆ 60 ಕೆಜಿ ಮೈಸೂರ್ ಪಾಕ್ ಒಲೆಯಿಂದ ಇಳಿಸಬಹುದು, ಆದರೆ ಟ್ರೇ ಇಡೋಕೆ ಜಾಗ ಇದ್ದದ್ದು ಸುಮಾರು ಅರ್ಧಕ್ಕೆ. ಹುಡುಗರು ಅವಸರಕ್ಕೆ ಕೈಗೆ ಬೆಚ್ಚಗಿರೋವಾಗಲೇ ಡಬ್ಬಿಗೆ ತುಂಬಿದರು. ಮರುದಿನ ತೆಗೆದು ನೋಡಿದರೆ ಮೇಲಿನ ಪ್ಲಾಸ್ಟಿಕ್ ಹಾಳೆಯ ಒಳಮೈಗೆ ಸಾಸಿವೆಯಷ್ಟು ಸಾಸಿವೆಯಷ್ಟು ಹನಿ. ಅವತ್ತು ಬಂಗಾಳಕೊಲ್ಲಿ ಕಡೆಯ ಮಳೆ ಮೋಡ ಬೇರೆ ಕವಿದಿತ್ತು. ಹನಿ ಬಿದ್ದ ಕಡೆ ನಾಲ್ಕು ದಿನಕ್ಕೆ ಬೂಸ್ಟು ಬರೋದು ಖಂಡಿತ. ಸುಮಾರು 40 ಡಬ್ಬಿ ಬಿಚ್ಚಿ, ಆರಿಸಿ, ಬಿಡಿಯಾಗಿ ಕೌಂಟರ್‌ನಲ್ಲಿ ಮಾರಿದೆವು. ಆಮೇಲೆ ಕಬ್ಬಿಣದ ಕಪಾಟು ಮಾಡಿಸಿದೆ, ಹತ್ತು ಟ್ರೇ ಎತ್ತರದ್ದು ಎರಡು, ಪಕ್ಕದಲ್ಲಿ ಫ್ಯಾನು. ಹದಿನೆಂಟು ಇಪ್ಪತ್ತು ಸಾವಿರ ಖರ್ಚು. ಇನ್ನೊಂದು ಒಲೆ ಹಾಕಿಸಬೇಕು ಅಂತಿದ್ದ ಕಾಕಾಗೆ ಇದು ಸುಮ್ನೆ ದಂಡ ಅನಿಸಿತ್ತು. ಬಾಟಲ್‌ನೆಕ್ ಒಲೆಯಲ್ಲಿ ಇರಲಿಲ್ಲ ಅಂತ ಕಪಾಟು ಬಂದ ವಾರದಲ್ಲೇ ಅವರಿಗೂ ಗೊತ್ತಾಯ್ತು.

ಡಬ್ಬಿ ಮೇಲೆ 'ದೀಪಾವಳಿ' ಅಂತ ಅಚ್ಚು ಹಾಕಿಸೋದನ್ನೂ ಬಿಟ್ಟೆ. ಉಳಿದ ಡಬ್ಬಿ ಮದುವೆಗೂ ಬರೋದಿಲ್ಲ, ಸೀಮಂತಕ್ಕೂ ಬರೋದಿಲ್ಲ. ಸಾದಾ ಡಬ್ಬಿ ತರಿಸಿ ಹಬ್ಬಕ್ಕೆ ಸ್ಟಿಕ್ಕರ್, ಬೇಕಂದವರಿಗೆ ಅವರ ಮಿಲ್ ಹೆಸರಿನ ಸ್ಟಿಕ್ಕರ್. ಡಬ್ಬಿ ತೂಕ ಬಿಟ್ಟು ಕೆಜಿ ಪೂರ್ತಿ ಸಿಹಿ ಅಂತ ಕಾರ್ಡಿನಲ್ಲೇ ಬರೆಸಿದೆ. ಇದು ಹೇಗೂ ಕಾನೂನು. ಆದರೆ ಸಾಹುಕಾರನ ಎದುರೇ ಖಾಲಿ ಡಬ್ಬಿ ತಕ್ಕಡಿಗಿಟ್ಟು 80 ಗ್ರಾಂ ತೋರಿಸಿ, "ಇಷ್ಟನ್ನ ನೀವು ಮೈಸೂರ್ ಪಾಕ್ ರೇಟಿಗೆ ತಗೊಂತಿದ್ರಿ" ಅಂದಾಗ ಆದ ಬುಕಿಂಗ್ ಯಾವ ಜಾಹೀರಾತಿಗೂ ಆಗಿಲ್ಲ. ಆಟೋ ಮೈಕಿಗೆ ಒಂದು ವರ್ಷ ದುಡ್ಡು ಹಾಕಿ ನೋಡಿದೆ, ಕೌಂಟರ್‌ಗೆ ಬಂದು "ಮೈಕಿನಲ್ಲಿ ಕೇಳಿದೆ" ಅಂದವರು ಕೈಬೆರಳಷ್ಟು. ವಾಟ್ಸಾಪ್ ಸ್ಟೇಟಸ್ ಮೇಲೆ ಬಾಣಲೆಯಲ್ಲಿ ತುಪ್ಪ ಉಕ್ಕೋ ವಿಡಿಯೋ ಪರವಾಗಿಲ್ಲ, ಚಿಲ್ಲರೆ ಗಿರಾಕಿ ಎಳೆಯುತ್ತೆ.

ತಿಥಿಯ ಗೊಂದಲ ಒಂದಿತ್ತು. 2024ರಲ್ಲೂ 2025ರಲ್ಲೂ ಅಮಾವಾಸ್ಯೆ ಎರಡು ದಿನಕ್ಕೆ ಹಂಚಿಹೋಗಿತ್ತು. ಕಳೆದ ವರ್ಷ ಕೆಲವರು ಅಕ್ಟೋಬರ್ 20ರ ಸಂಜೆ ಲಕ್ಷ್ಮಿ ಪೂಜೆ ಮಾಡಿದರು, ಕೆಲವರು 21ಕ್ಕೆ, ಇನ್ನು ಕೆಲವು ಅಂಗಡಿಯವರು ಪಾಡ್ಯಕ್ಕೇ. ನಾನು ಬುಕಿಂಗ್ ಚೀಟಿಯಲ್ಲಿ "ಪೂಜೆ ಯಾವತ್ತು?" ಅಂತ ಒಂದು ಸಾಲು ಸೇರಿಸಿದೆ. ಬುಕಿಂಗ್ ಮುಗಿಯೋ ಹೊತ್ತಿಗೇ ಯಾವ ದಿನ ಎಷ್ಟು ಡಬ್ಬಿ ಹೊರಡಬೇಕು ಅನ್ನೋದು ಕಾಗದದ ಮೇಲಿತ್ತು. ಅದೇ ಅಳತೆಯಲ್ಲಿ ಕೌಂಟರ್‌ನ ಖೋವಾ ಮಾಲನ್ನೂ ಮೂರು ದಿನಕ್ಕೆ ಹಂಚಿದೆ. ಒಂದೇ ದಿನಕ್ಕೆ ರಾಶಿ ಹಾಕಿಕೊಂಡವರ ಟ್ರೇಗಳು ಪಾಡ್ಯದ ರಾತ್ರಿ ಹೇಗಿದ್ದವು ಅಂತ ನಾನು ಹೇಳೋದಿಲ್ಲ.

ನೆನಪಿನ ಲೆಕ್ಕದಲ್ಲಿ ಕಳೆದ ಸೀಸನ್ ಮಾರಿದ್ದು ಹಿಂದಿನ ಡಿಸ್ಕೌಂಟ್ ವರ್ಷಕ್ಕಿಂತ ಸ್ವಲ್ಪ ಕಮ್ಮಿಯೇ, ಒಂದೆರಡು ಕ್ವಿಂಟಲ್. ಕೈಗೆ ಉಳಿದದ್ದು ಒಂದೂಮುಕ್ಕಾಲು ಪಟ್ಟು. ಮರುದಿನದ ಉಳಿಕೆ 20 ಕೆಜಿ ಒಳಗೆ, ಅದರಲ್ಲೂ ಕರದಂಟೇ ಜಾಸ್ತಿ, ಕೆಡುವಂಥದ್ದಲ್ಲ. ಆ ಉದ್ರಿ ಮಿಲ್‌ನವರು ಎರಡನೇ ವರ್ಷ ಗುಮಾಸ್ತನ ಕೈಯಲ್ಲಿ ಅಡ್ವಾನ್ಸ್ ಕಳಿಸಿದರು.

ಮಧ್ಯೆ ಒಂದು ಪ್ರಯೋಗ ಮಾಡಿದ್ದೆ, ಸಜ್ಜೆ ಹಿಟ್ಟು ಹುರಿದು ಬೆಲ್ಲ, ತುಪ್ಪದ ಉಂಡಿ. ಕೌಂಟರ್‌ನಲ್ಲಿ ಸಕ್ಕರೆ ಕಾಯಿಲೆಯವರೆಲ್ಲ ಅದನ್ನೇ ಕೇಳಿ ಒಯ್ದರು. ಬೆಲ್ಲವೂ ಸಿಹಿಯೇ ಅಂತ ಹೇಳಿದರೂ ಕೇಳೋದಿಲ್ಲ. ಆದರೆ ವಾರ ಕಳೆದರೆ ಸಜ್ಜೆ ಕಮಟು ವಾಸನೆ ಬರುತ್ತೆ, ಡಬ್ಬಿಗೆ ಆಗಿಬರೋದಿಲ್ಲ. ಈ ಸಲ ದೀಪಾವಳಿ ನವೆಂಬರ್ 8ರ ಹೊತ್ತಿಗಿದೆ. ಬೀಸಿಸಿದ ಹಿಟ್ಟು ಇಡದೆ, ಹಿಂದಿನ ದಿನ ಗಿರಣಿಗೆ ಹಾಕಿಸಿ ಅವತ್ತೇ ಉಂಡಿ ಕಟ್ಟಿ ಎಷ್ಟು ದಿನ ತಡೆಯುತ್ತೆ ಅಂತ ಗಣಪತಿ ಹಬ್ಬಕ್ಕೇ ನೋಡಬೇಕು ಅಂತಿದ್ದೇನೆ.